ಇದ್ದಲ್ಲೇ ಮರುನಿರ್ಮಾಣ: ಒತ್ತೊತ್ತು ಕೇರಿಗಳ ವಸತಿ ಯೋಜನೆ

ಇದ್ದಲ್ಲೇ ಮರುನಿರ್ಮಾಣ: ಸರಕಾರಿ ಜಾಗದಲ್ಲೋ ಯಾರದೋ ಖಾಸಗಿ ಜಾಗದಲ್ಲೋ ನಕ್ಷೆ, ಪರವಾನಿಗೆಗಳಿಲ್ಲದೆ ಬೆಳೆದು ನಿಂತ ಕೇರಿಯನ್ನು, ಅಲ್ಲಿನ ಜನರನ್ನು ಊರಾಚೆಗೆ ಸಾಗಿಸದೆ, ಅದೇ ನೆಲದಲ್ಲಿ ಸರಿಪಡಿಸಿ ಕಟ್ಟುವ ಕ್ರಮ. ಸರಕಾರಿ ಕಡತಗಳಲ್ಲಿ ಇದಕ್ಕೆ 'ಇನ್-ಸಿಟು' ಅಭಿವೃದ್ಧಿ ಎಂಬ ಹೆಸರಿದೆ. ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮನೆಗಳನ್ನು ಮುಟ್ಟದೆ ನೀರು, ಚರಂಡಿ, ದೀಪ ಮಾತ್ರ ಕೊಡುವುದು ಎಲ್ಲಕ್ಕಿಂತ ಹಗುರವಾದದ್ದು. ಓಣಿಗಳನ್ನು ನೇರ ಮಾಡಿ ಮನೆಗಳ ಗಡಿ ಸರಿಸುವುದು ಅದರ ಮುಂದಿನ ಹಂತ. ಕಚ್ಚಾ ಮನೆಗಳನ್ನಷ್ಟೇ ಒಂದೊಂದಾಗಿ ಕೆಡವಿ ಅಲ್ಲಲ್ಲೇ ಕಟ್ಟುವುದು ಇನ್ನೊಂದು. ಇಡೀ ಕೇರಿಯನ್ನು ಕೆಡವಿ ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡ ಏರಿಸುವುದನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಆದರೆ ಜನ ಅನುಭವಿಸುವ ಸ್ಥಳಾಂತರದ ಲೆಕ್ಕದಲ್ಲಿ ಇದು ಮೊದಲಿನ ಮೂರರಿಂದ ತುಂಬ ದೂರದ ಮಾತು.

ಇಂಥ ಯೋಜನೆಯ ನಕ್ಷೆಯನ್ನು ಮನೆಯ ವಿನ್ಯಾಸದಿಂದ ಆರಂಭಿಸುವುದು ಸಾಮಾನ್ಯ ರೂಢಿ. ನಿಜವಾಗಿ ಅದು ಆರಂಭವಾಗಬೇಕಾದದ್ದು ಒಂದು ಬಾರಿಗೆ ಎಷ್ಟು ಜನ ಜಾಗ ಬಿಡಬೇಕು, ಎಷ್ಟು ದೂರ ಹೋಗಬೇಕು, ಎಷ್ಟು ದಿನಕ್ಕೆ ಮರಳಬೇಕು ಎಂಬ ಲೆಕ್ಕದಿಂದ. ಮನೆಯ ಗಾತ್ರ, ಓಣಿಯ ಅಗಲ, ಮಹಡಿಗಳ ಸಂಖ್ಯೆ ಇವೆಲ್ಲ ಆ ಲೆಕ್ಕದ ಹಿಂದೆ ಬರುತ್ತವೆ.

ಬಿಟ್ಟುಹೋದವರು ಮರಳದಿದ್ದಾಗ

ಕರ್ನಾಟಕದಲ್ಲಿ ಕೊಳೆಗೇರಿಗಳ ಕಾನೂನು 1973ರದು. ಅದರ ಹೆಸರಿನಲ್ಲೇ ಅಭಿವೃದ್ಧಿಯೂ ನಿರ್ಮೂಲನೆಯೂ ಒಟ್ಟಿಗೆ ಇವೆ. ಒಂದು ಪ್ರದೇಶವನ್ನು ಕೊಳೆಗೇರಿ ಎಂದು ಘೋಷಿಸುವುದು 3ನೇ ಕಲಮಿನಡಿ. ಅದನ್ನು ತೆರವಿನ ಪ್ರದೇಶ ಎಂದು ಘೋಷಿಸುವುದು 11ನೇ ಕಲಮಿನಡಿ. ಮೊದಲನೆಯದು ಜನರಿಗೆ ಸೌಕರ್ಯ ಕೇಳುವ ದಾರಿ ತೆರೆಯುತ್ತದೆ, ಎರಡನೆಯದು ಮನೆ ಕೆಡವುವ ಅಧಿಕಾರವನ್ನು ಸರಕಾರದ ಕೈಗೆ ಕೊಡುತ್ತದೆ. ಕೇರಿಯ ಮುಖಂಡರು ಘೋಷಣೆಯ ಪತ್ರ ಕೈಗೆ ಬಂದೊಡನೆ ಯಾವ ಕಲಮಿನದೆಂದು ನೋಡುವುದು ಈ ಕಾರಣಕ್ಕೆ.

ಬೆಂಗಳೂರಿನ ಈಜಿಪುರದ ಪ್ರಸಂಗ, ಅದೇ ಜಾಗದಲ್ಲಿ ಮನೆ ಕೊಡುತ್ತೇವೆ ಎಂಬ ಮಾತು ಹೇಗೆ ಮುರಿದುಬೀಳುತ್ತದೆ ಎಂಬುದಕ್ಕೆ ಎಲ್ಲರೂ ಎತ್ತುವ ಉದಾಹರಣೆ. ಕಡಿಮೆ ಆದಾಯದವರಿಗೆಂದು ಪಾಲಿಕೆ ಕಟ್ಟಿಸಿದ್ದ ವಸತಿ ಕಟ್ಟಡಗಳು ಕೆಲವೇ ವರ್ಷಗಳಲ್ಲಿ ಶಿಥಿಲವಾದವು. ಜನ ಅದೇ ಆವರಣದಲ್ಲಿ ತಗಡಿನ ಶೆಡ್ ಹಾಕಿಕೊಂಡು ಉಳಿದರು. ಜಾಗದ ಒಂದು ಭಾಗವನ್ನು ವಾಣಿಜ್ಯ ಕಟ್ಟಡಕ್ಕೆ ಕೊಟ್ಟು, ಉಳಿದ ಭಾಗದಲ್ಲಿ ಮನೆ ಕಟ್ಟಿಸುವ ಖಾಸಗಿ ಸಹಭಾಗಿತ್ವದ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಸುಮಾರು 1,500 ಕುಟುಂಬಗಳ ಶೆಡ್‌ಗಳನ್ನು ಕೆಲವೇ ದಿನಗಳಲ್ಲಿ ಕೆಡವಲಾಯಿತು. ಹೊಸ ಕಟ್ಟಡದ ಪಾಯ ತೋಡುವುದಕ್ಕೂ ಮೊದಲೇ ಎಲ್ಲರನ್ನೂ ಒಟ್ಟಿಗೆ ಹೊರಗೆ ಹಾಕಿದ್ದೇ ಅದರ ಮೂಲ ದೋಷ. ಜನ ಒಮ್ಮೆ ಚದುರಿದ ಮೇಲೆ ಒಪ್ಪಂದದ ಕಾಲಮಿತಿ ನೆನಪಿಸುವವರೇ ಆ ಜಾಗದಲ್ಲಿ ಇರುವುದಿಲ್ಲ.

ಅಳತೆ ಮತ್ತು ಪಟ್ಟಿ

ಮೊದಲ ಕೆಲಸ ಕೇರಿಯ ಅಳತೆ. ಪ್ರತಿ ಮನೆಗೂ ಬಾಗಿಲ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದು, ಗೋಡೆಯ ಹೊರಮೈ ಅಳೆದು, ಮನೆ ಕಚ್ಚಾವೋ ಪಕ್ಕಾವೋ, ಒಳಗೆ ಎಷ್ಟು ಒಲೆ ಉರಿಯುತ್ತವೆ, ಮಾಳಿಗೆಯಲ್ಲಿ ಯಾರಾದರೂ ಬಾಡಿಗೆಗಿದ್ದಾರೆಯೇ ಎಂದು ಗುರುತಿಸುತ್ತಾರೆ. ಜಗಳವೆಲ್ಲ ಹುಟ್ಟುವುದು ಈ ಕೊನೆಯ ಎರಡು ಪ್ರಶ್ನೆಗಳಲ್ಲಿ. ಒಂದೇ ಬಾಗಿಲೊಳಗೆ ಅಪ್ಪ, ಮದುವೆಯಾದ ಇಬ್ಬರು ಮಕ್ಕಳು ಬೇರೆ ಬೇರೆ ಒಲೆ ಹೂಡಿದ್ದರೆ ಅದು ಒಂದು ಮನೆಯೋ ಮೂರೋ? ಬಾಡಿಗೆದಾರನನ್ನು ಪಟ್ಟಿಯಿಂದ ಬಿಟ್ಟರೆ, ಕಟ್ಟಡ ಏಳುವ ಹೊತ್ತಿಗೆ ಆತ ಇನ್ನೊಂದು ಕೇರಿಯ ಅಂಚಿನಲ್ಲಿ ಹೊಸ ಗುಡಿಸಲು ಹಾಕಿರುತ್ತಾನೆ. ಸ್ಥಳಾಂತರ ಆಗಲಿಲ್ಲ ಎಂದು ವರದಿ ಹೇಳಿದರೂ ಆತನ ಪಾಲಿಗೆ ಅದು ಆಗಿಯೇ ಹೋಗಿದೆ.

ಪಟ್ಟಿಯನ್ನು ಕೇರಿಯಲ್ಲೇ ಗೋಡೆಗೆ ಅಂಟಿಸಿ ತಕರಾರು ಕೇಳದಿದ್ದರೆ ಅದು ನಿಲ್ಲುವುದಿಲ್ಲ. ಕಚೇರಿಯಲ್ಲಿ ಕುಳಿತು ಮಾಡಿದ ಪಟ್ಟಿಗೂ ಅಂಟಿಸಿದ ಮೇಲೆ ತಿದ್ದಿದ ಪಟ್ಟಿಗೂ ಇರುವ ಅಂತರವೇ ಸಮೀಕ್ಷೆಯ ಗುಣಮಟ್ಟವನ್ನು ತೋರಿಸುತ್ತದೆ. ಒಂದೂ ತಿದ್ದುಪಡಿ ಇಲ್ಲದ ಪಟ್ಟಿಯನ್ನು ಅನುಭವಸ್ಥರು ನಂಬುವುದಿಲ್ಲ.

ಓಣಿಯ ಅಗಲ

ನಕ್ಷೆಯ ಮುಖ್ಯ ಉಪಾಯ ಓಣಿಗಳನ್ನು ಸರಿಪಡಿಸುವುದು. ಹೇಗೆ ಎಂದು ತಿಳಿಯಲು ಒಂದು ಕಾಲ್ಪನಿಕ ಓಣಿಯನ್ನು ತೆಗೆದುಕೊಳ್ಳೋಣ. ಉದ್ದ 30 ಮೀಟರ್, ಅಗಲ 1.2 ಮೀಟರ್. ಎರಡೂ ಬದಿ ಹತ್ತು ಹತ್ತು ಮನೆ. ಪ್ರತಿ ಮನೆಯ ಮುಂಭಾಗ 3 ಮೀಟರ್, ಒಳಗಿನ ಆಳ 6 ಮೀಟರ್, ಅಂದರೆ 18 ಚದರ ಮೀಟರ್. ಓಣಿಯನ್ನು 3 ಮೀಟರಿಗೆ ಅಗಲ ಮಾಡಬೇಕಾದರೆ 1.8 ಮೀಟರ್ ಬೇಕು. ಎರಡೂ ಬದಿಯಿಂದ ಸಮನಾಗಿ ತೆಗೆದರೆ ಪ್ರತಿ ಮನೆ 90 ಸೆಂಟಿಮೀಟರ್ ಹಿಂದೆ ಸರಿಯುತ್ತದೆ, 2.7 ಚದರ ಮೀಟರ್, ಅಂದರೆ ನೆಲದ ನೂರಕ್ಕೆ 15 ಪಾಲು ಹೋಗುತ್ತದೆ. ಉಳಿದ 15.3 ಚದರ ಮೀಟರಿನ ಮೇಲೆ ಇನ್ನೊಂದು ಅಂತಸ್ತು ಬಂದರೆ ಒಟ್ಟು 30.6. ಮೆಟ್ಟಿಲಿಗೆ ಮೂರು ಚಿಲ್ಲರೆ ಹೋದರೂ 27ರಷ್ಟು ಉಳಿಯುತ್ತದೆ. ಜಾಗ ಕೊಟ್ಟವನಿಗೆ ಮೊದಲಿಗಿಂತ ದೊಡ್ಡ ಮನೆ ಸಿಗುತ್ತದೆ. ಜನರನ್ನು ಒಪ್ಪಿಸುವ ವಾದ ಇದೊಂದೇ.

ಆದರೆ ಒಂದು ಬದಿಯ ಮನೆಗಳೆಲ್ಲ ಆಗಲೇ ಪಕ್ಕಾ ಆಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. 1.8 ಮೀಟರೂ ಇನ್ನೊಂದು ಬದಿಯಿಂದಲೇ ಬರಬೇಕು. ಅವರು ನೂರಕ್ಕೆ 30 ಪಾಲು ಕಳೆದುಕೊಳ್ಳಬೇಕು. ಅದಕ್ಕೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಇಂಥಲ್ಲಿ ಜಾಣ ನಕ್ಷೆಕಾರ ನೇರ ಗೆರೆಯ ಆಸೆ ಬಿಡುತ್ತಾನೆ. ಓಣಿಯನ್ನು ಉದ್ದಕ್ಕೂ 2 ಮೀಟರಿಗೆ ತಂದು, ಮುರುಕಲು ಮನೆಗಳು ಇರುವ ಎರಡು ಮೂರು ಕಡೆ ಮಾತ್ರ 3 ಮೀಟರಿಗೆ ಬಿಡಿಸುತ್ತಾನೆ. ಸ್ಟ್ರೆಚರ್, ಚಟ್ಟ, ಗ್ಯಾಸ್ ಸಿಲಿಂಡರಿನ ಕೈಗಾಡಿ ಎದುರುಬದುರಾದಾಗ ಒಂದು ಬದಿಗೆ ಸರಿಯಲು ಅಷ್ಟು ಸಾಕು. ಅಗ್ನಿಶಾಮಕ ವಾಹನವೂ ಪ್ರತಿ ಬಾಗಿಲಿಗೆ ಬರಬೇಕಾಗಿಲ್ಲ. ನೀರಿನ ಕೊಳವೆ ಕೊನೆಯ ಮನೆಯನ್ನು ಮುಟ್ಟುವಷ್ಟು ಹತ್ತಿರ ಬಂದು ನಿಲ್ಲಲು ಒಂದು ದೊಡ್ಡ ದಾರಿ ಇದ್ದರಾಯಿತು. ಇಡೀ ಕೇರಿಗೆ ಅಂಥ ಒಂದು ದಾರಿಯನ್ನು ಆರಿಸಿ, ಉಳಿದ ಓಣಿಗಳನ್ನು ಇದ್ದ ಹಾಗೆ ಕಾಪಾಡುವುದರಿಂದ ಕೆಡವಬೇಕಾದ ಮನೆಗಳ ಸಂಖ್ಯೆ ತುಂಬ ಇಳಿಯುತ್ತದೆ.

ಅಗಲಕ್ಕಿಂತಲೂ ಎತ್ತರದ ತಪ್ಪು ಹೆಚ್ಚು ಕಾಡುತ್ತದೆ. ಗುತ್ತಿಗೆದಾರ ಹಳೆಯ ಕಾಂಕ್ರೀಟ್ ಕೀಳದೆ ಅದರ ಮೇಲೆಯೇ ಹೊಸದನ್ನು ಸುರಿಯುತ್ತಾನೆ. ಪ್ರತಿ ಬಾರಿಯೂ ಓಣಿ ಒಂದಿಷ್ಟು ಏರುತ್ತದೆ, ಮನೆಯ ನೆಲ ಅಲ್ಲೇ ಇರುತ್ತದೆ. ಮೂರು ಬಾರಿ ಹೀಗಾದ ಮೇಲೆ ಮಳೆಗಾಲದಲ್ಲಿ ಹೊಸ್ತಿಲಿಗೆ ಮಣ್ಣಿನ ಚೀಲ ಇಡಬೇಕಾಗುತ್ತದೆ. ಇಂದೋರಿನಲ್ಲಿ ಎಂಜಿನಿಯರ್ ಹಿಮಾಂಶು ಪಾರಿಖ್ ಕೇರಿಗಳಿಗೆ ಚರಂಡಿ ಜೋಡಿಸುವಾಗ ಇದಕ್ಕೆ ತದ್ವಿರುದ್ಧವಾಗಿ ನಡೆದರು. ಓಣಿಗಳನ್ನು ಮನೆಗಳ ನೆಲಕ್ಕಿಂತ ತಗ್ಗಿಸಿ, ಮಳೆಯ ನೀರು ಓಣಿಯ ಮೇಲೆಯೇ ಹರಿದುಹೋಗುವಂತೆ ಇಳಿಜಾರು ಕೊಟ್ಟರು. ಈ ಕೆಲಸಕ್ಕೆ 1998ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಪ್ರಶಸ್ತಿಯ ಆಚೆಗೆ ನೆನಪಿಡಬೇಕಾದದ್ದು ಅಳತೆ: 30 ಮೀಟರ್ ಓಣಿಯ ಒಳಚರಂಡಿ ಕೊಳವೆಗೆ 60ಕ್ಕೆ 1ರ ಇಳಿಜಾರು ಬೇಕಾದರೆ ಕೊನೆಯ ಮನೆಗೂ ಮೊದಲ ಮನೆಗೂ ಅರ್ಧ ಮೀಟರ್ ವ್ಯತ್ಯಾಸ ಸಿಗಬೇಕು. ಅದು ಸಿಗುತ್ತದೆಯೋ ಇಲ್ಲವೋ ಎಂದು ನೋಡದೆ ಗಡಿ ಸರಿಸಲು ಹೊರಟರೆ ನಡುವೆ ಕೆಲಸ ನಿಲ್ಲುತ್ತದೆ.

ಯೆರವಡಾದ ಅನುಭವ

ಕಚ್ಚಾ ಮನೆಗಳನ್ನು ಮಾತ್ರ ಬದಲಾಯಿಸುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿದ್ದು ಪುಣೆಯ ಯೆರವಡಾದಲ್ಲಿ. 2005ರ ಡಿಸೆಂಬರಿನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯಲ್ಲಿ ನಗರದ ಬಡವರಿಗೆ ಮೂಲ ಸೌಕರ್ಯ ಒದಗಿಸುವ ಒಂದು ವಿಭಾಗವಿತ್ತು. ಬಹಳಷ್ಟು ನಗರಗಳು ಆ ಹಣದಿಂದ ಊರ ಹೊರಗೆ ಸಾಲು ಸಾಲು ಕಟ್ಟಡ ಏರಿಸಿದವು. ಪುಣೆ ಪಾಲಿಕೆ ಅದರ ಒಂದು ಪಾಲನ್ನು ಕೇರಿಯೊಳಗೇ ಖರ್ಚು ಮಾಡಲು ಒಪ್ಪಿತು. ಯೆರವಡಾದ ಕೆಲವು ಕೇರಿಗಳ ಹೊಣೆಯನ್ನು ಮಹಿಳಾ ಮಿಲನ್ ಮತ್ತು ಸ್ಪಾರ್ಕ್ ಸಂಸ್ಥೆಗಳು ಹೊತ್ತವು. ಮಹಿಳಾ ಮಿಲನ್ 1980ರ ದಶಕದಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿ ಹೆಂಗಸರ ಉಳಿತಾಯ ಗುಂಪುಗಳಿಂದ ಹುಟ್ಟಿದ ಸಂಘಟನೆ. ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ, ವಿದೇಶದಿಂದ ಬಂದ ಫಿಲಿಪೆ ಬಲೆಸ್ಟ್ರಾ, ಸಾರಾ ಗೊರಾನ್‌ಸನ್ ವಿನ್ಯಾಸದಲ್ಲಿ ಜೊತೆಯಾದರು.

ನಿಯಮ ಸರಳವಾಗಿತ್ತು. ಪಕ್ಕಾ ಮನೆ ಮುಟ್ಟುವುದಿಲ್ಲ. ಕಚ್ಚಾ ಮನೆಯವರಿಗೆ 25 ಚದರ ಮೀಟರ್, ಅಂದರೆ 270 ಚದರ ಅಡಿಯ ಮನೆ. ಪ್ರತಿ ಮನೆಗೆ ಸುಮಾರು ಮೂರು ಲಕ್ಷ ರೂಪಾಯಿ, ಅದರಲ್ಲಿ ಹತ್ತರಲ್ಲೊಂದು ಪಾಲು ಕುಟುಂಬದ್ದು. ಮನೆಯ ನಮೂನೆಗಳು ಮೂರು. ಮೊದಲನೆಯದು ಎರಡು ಅಂತಸ್ತಿನದು. ಮುಂದೆ ಮೂರನೆಯದನ್ನು ಮನೆಯವರೇ ಏರಿಸಿಕೊಳ್ಳುವಷ್ಟು ಬಲವಾದ ಪಾಯ, ಕಂಬ. ಎರಡನೆಯದು ಕಂಬಗಳ ಮೇಲೆ ನಿಂತದ್ದು. ಕೆಳಗೆ ಗಾಡಿ ನಿಲ್ಲಿಸಲು ಅಥವಾ ಅಂಗಡಿ ಹಾಕಲು ಜಾಗ. ಮೂರನೆಯದರಲ್ಲಿ ಮಧ್ಯದ ಅಂತಸ್ತು ಖಾಲಿ. ಸದ್ಯಕ್ಕೆ ಅದು ಜಗಲಿ, ಕೈಯಲ್ಲಿ ಹಣ ಬಂದಾಗ ಗೋಡೆ ಕಟ್ಟಿ ಕೋಣೆ ಮಾಡಿಕೊಳ್ಳಬಹುದು. ಮುಂದೆ ಬೆಳೆಯುವ ಜಾಗವನ್ನು ನಕ್ಷೆಯಲ್ಲೇ ಬಿಟ್ಟಿರುವುದು ಈ ವಿನ್ಯಾಸದ ಜೀವಾಳ. ಹೇಗೂ ಜನ ಮನೆ ವಿಸ್ತರಿಸುತ್ತಾರೆ. ಓಣಿಯ ಮೇಲೆ ಚಾಚುವ ಬದಲು ಮೇಲಕ್ಕೋ ಒಳಕ್ಕೋ ವಿಸ್ತರಿಸಲಿ ಎಂಬ ಎಣಿಕೆ. ಇದೇ ಎಣಿಕೆಯನ್ನು ಚಿಲಿಯ ಇಕಿಕೆ ಪಟ್ಟಣದಲ್ಲಿ 2004ರಲ್ಲಿ ವಾಸ್ತುಶಿಲ್ಪಿ ಅಲೆಹಾಂಡ್ರೊ ಅರಾವೆನಾ ಅವರ ತಂಡ ಇನ್ನೂ ಬಿಚ್ಚಾಗಿ ಬಳಸಿತ್ತು. ಅಲ್ಲಿ ಕೇರಿಯ ಸುಮಾರು ನೂರು ಕುಟುಂಬಗಳಿಗೆ ಅದೇ ಜಾಗದಲ್ಲಿ ಅರ್ಧ ಮನೆ ಕಟ್ಟಿಕೊಟ್ಟು, ಉಳಿದರ್ಧದ ಜಾಗವನ್ನು ಎರಡು ಮನೆಗಳ ನಡುವೆ ತೆರವಾಗಿ ಬಿಟ್ಟಿದ್ದರು.

ಕಟ್ಟುವಾಗ ಬಂದ ತೊಡಕುಗಳು ಕಾಗದದಲ್ಲಿ ಕಾಣುವಂಥವಲ್ಲ. ಒಂದು ಕಚ್ಚಾ ಮನೆಯ ಮೂರು ಬದಿಯಲ್ಲೂ ಪಕ್ಕಾ ಮನೆ ಅಂಟಿಕೊಂಡಿದ್ದರೆ, ಪಾಯ ಅಗೆಯುವಾಗ ನೆರೆಯವನ ಪಾಯ ಬರಿದಾಗಿ ಗೋಡೆ ಬಿರಿಯುವ ಭಯ. ಅದನ್ನು ತಪ್ಪಿಸಲು ಕಂಬಗಳನ್ನು ಗಡಿಯಿಂದ ಒಳಗೆ ಸರಿಸಬೇಕು. ಆಗ ಕೋಣೆಯೊಳಗೆ ಕಂಬ ಬಂದು ನಿಲ್ಲುತ್ತದೆ. ಒಂದು ಮೀಟರ್ ಓಣಿಯಲ್ಲಿ ಲಾರಿ ಬರುವುದಿಲ್ಲ. ಜಲ್ಲಿ, ಮರಳು, ಸಿಮೆಂಟ್ ಎಲ್ಲವೂ ತಲೆಹೊರೆ. ಒಂದೊಂದೇ ಮನೆ ಅಲ್ಲಲ್ಲಿ ಕಟ್ಟುವುದರಿಂದ ಗುತ್ತಿಗೆದಾರನಿಗೆ ಸಗಟು ಕೆಲಸದ ಲಾಭ ಸಿಗುವುದಿಲ್ಲ.

ಮನೆಯ ಹಳೆಯ ಜಾಗವೇ 25 ಚದರ ಮೀಟರಿಗಿಂತ ತುಂಬ ಕಡಿಮೆ ಇದ್ದವರದು ಬೇರೆ ಕಥೆ. ಪಕ್ಕಪಕ್ಕದ ಎರಡು ಮೂರು ಕುಟುಂಬಗಳು ಜಾಗ ಕೂಡಿಸಿ ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಇರಲು ಒಪ್ಪಬೇಕು. ಅಲ್ಲಿ ನೆಲದ ಮನೆ ಯಾರಿಗೆ ಎಂಬುದು ಸಣ್ಣ ಪ್ರಶ್ನೆಯಲ್ಲ. ನೆಲದಲ್ಲಿದ್ದವನಿಗೆ ಇಸ್ತ್ರಿ ಅಂಗಡಿ, ಮೆಟ್ಟಿಲ ಬುಡದ ಜಾಗ, ಬಾಗಿಲ ಮುಂದಿನ ಜಗಲಿ ಎಲ್ಲ ಸಿಗುತ್ತವೆ. ಮೇಲಿನವನಿಗೆ ಬಿಸಿಲಿನ ತಾರಸಿ. ಹಳೆಯ ಮನೆಯಲ್ಲಿ ದುಡಿಮೆ ನಡೆಸುತ್ತಿದ್ದವರಿಗೆ ಮೊದಲು ನೆಲ, ನಂತರ ಮುದುಕರು, ಅಂಗವಿಕಲರಿರುವ ಮನೆಗಳಿಗೆ, ಉಳಿದವರಿಗೆ ಚೀಟಿ ಎತ್ತುವುದು ಎಂಬ ಕ್ರಮ ಇಂಥ ಕಡೆ ಹೆಚ್ಚು ಜನರಿಗೆ ಒಪ್ಪಿಗೆಯಾಗುತ್ತದೆ. ಎಲ್ಲರಿಗೂ ಮೊದಲಿಂದಲೇ ಚೀಟಿ ಎಂದರೆ ನ್ಯಾಯದಂತೆ ಕಾಣುತ್ತದೆ, ಆದರೆ ಇಸ್ತ್ರಿಯವನು ಎರಡನೇ ಮಹಡಿಗೆ ಹೋಗಿ ಕಸುಬು ಕಳೆದುಕೊಳ್ಳುತ್ತಾನೆ.

ಮಹಿಳಾ ಮಿಲನ್ ಗುಂಪುಗಳು ಮುಂಬಯಿ ದಿನಗಳಿಂದಲೂ ಬಳಸುತ್ತಿದ್ದ ಒಂದು ಪದ್ಧತಿ ಇಂಥಲ್ಲಿ ಕೆಲಸಕ್ಕೆ ಬರುತ್ತದೆ. ಬಿದಿರು, ಬಟ್ಟೆ ಕಟ್ಟಿ ನಿಜವಾದ ಅಳತೆಯಲ್ಲೇ ಮನೆಯ ಮಾದರಿ ನಿಲ್ಲಿಸಿ ಎಲ್ಲರೂ ಒಳಗೆ ಓಡಾಡಿ ನೋಡುವುದು. ಹಾಳೆಯ ಮೇಲೆ ಸರಿ ಎನಿಸಿದ ಅಡುಗೆ ಮೂಲೆಯಲ್ಲಿ ಕುಳಿತು ರೊಟ್ಟಿ ತಟ್ಟಲು ಮೊಣಕೈಗೆ ಜಾಗವಿಲ್ಲ ಎಂದು ಗೊತ್ತಾಗುವುದು ಅಲ್ಲಿ. ಧಾರಾವಿಯ ಮಾರ್ಕಂಡೇಯ ಸಹಕಾರಿ ಗೃಹನಿರ್ಮಾಣ ಸಂಘದ ಕಟ್ಟಡದಲ್ಲಿ ಕೋಣೆಗಳ ಎತ್ತರ 14 ಅಡಿ ಆದದ್ದು ಇಂಥದೇ ಚರ್ಚೆಯಿಂದ. ನೆಲದ ಅಳತೆ ಹೆಚ್ಚಿಸುವಂತಿರಲಿಲ್ಲ. ಎತ್ತರ ಹೆಚ್ಚಿಸಿ ಒಳಗೆ ಅಟ್ಟ ಹಾಕಿಕೊಂಡರು. ಅಟ್ಟದಲ್ಲಿ ಮಕ್ಕಳು ಮಲಗುತ್ತಾರೆ, ಕೆಳಗೆ ಹಗಲೆಲ್ಲ ಕೆಲಸ ನಡೆಯುತ್ತದೆ.

ಯೆರವಡಾದ ಮಿತಿಯನ್ನೂ ಹೇಳಬೇಕು. ಪಕ್ಕಾ ಮನೆ ಮುಟ್ಟದೆ ಬಿಟ್ಟಿದ್ದರಿಂದ ಓಣಿಗಳು ಬಹುಪಾಲು ಹಳೆಯ ಅಗಲದಲ್ಲೇ ಉಳಿಯುತ್ತವೆ. ಎರಡೂ ಬದಿಯಲ್ಲಿ ಮೂರು ಅಂತಸ್ತು ಎದ್ದ ಮೇಲೆ ಒಂದು ಮೀಟರ್ ಓಣಿಗೆ ಬೆಳಕು ಬೀಳುವುದು ನೆತ್ತಿಯ ಬಿಸಿಲಿನ ಹೊತ್ತಿಗೆ ಮಾತ್ರ. ಸ್ಥಳಾಂತರ ಕಡಿಮೆ ಮಾಡಿದ ಬೆಲೆಯನ್ನು ಗಾಳಿ ಬೆಳಕಿನಲ್ಲಿ ತೆತ್ತಂತಾಯಿತು. ನನ್ನ ಮಟ್ಟಿಗೆ ಆ ಬೆಲೆ ಸರಿಯಾದದ್ದೇ, ಆದರೆ ಅದನ್ನು ಮೊದಲೇ ಜನರ ಮುಂದಿಟ್ಟು ಕೇಳಬೇಕು.

ಸರದಿಯ ಲೆಕ್ಕ

ಇಡೀ ಕೇರಿಯನ್ನು ಗುಂಪು ಗುಂಪಾಗಿ ಕಟ್ಟುವುದಾದರೆ ಎಲ್ಲವನ್ನೂ ನಿರ್ಧರಿಸುವುದು ಪಕ್ಕದಲ್ಲಿ ಸಿಗುವ ಖಾಲಿ ಜಾಗ. 120 ಕುಟುಂಬಗಳ ಕೇರಿ, ತಾತ್ಕಾಲಿಕವಾಗಿ 12 ಕುಟುಂಬಗಳಿಗೆ ಕೋಣೆ ಹಾಕುವಷ್ಟು ಮೈದಾನ, ಒಂದು ಸರದಿಗೆ ಆರು ತಿಂಗಳು ಎಂದುಕೊಳ್ಳಿ. ಹತ್ತು ಸರದಿ, ಐದು ವರ್ಷ. ಮೈದಾನದಲ್ಲಿ 24 ಕೋಣೆ ಹಿಡಿಸಿದರೆ ಎರಡೂವರೆ ವರ್ಷ. ಕಟ್ಟಡದ ವೇಗ ಹೆಚ್ಚಿಸುವುದಕ್ಕಿಂತ ಇನ್ನೊಂದು ಶಾಲಾ ಅಂಗಳವನ್ನೋ ಪಾಳು ಗೋದಾಮನ್ನೋ ಬಾಡಿಗೆಗೆ ಹಿಡಿಯುವುದು ಅಗ್ಗ ಎಂಬುದು ಇದರಿಂದ ಗೊತ್ತಾಗುತ್ತದೆ.

ಕರಾವಳಿಯಲ್ಲಿ ಈ ಲೆಕ್ಕಕ್ಕೆ ಮಳೆಗಾಲವೂ ಸೇರುತ್ತದೆ. ಕಾಸರಗೋಡು, ಮಂಗಳೂರು ಕಡೆ ಜೂನಿನಿಂದ ಸೆಪ್ಟೆಂಬರ್ ತನಕ ಹೊಯ್ಗೆ ನೆಲದಲ್ಲಿ ಪಾಯ ತೋಡುವಂತಿಲ್ಲ; ತೋಡಿದ ಗುಂಡಿಗೆ ನೀರು ಉಕ್ಕಿ ಬದಿ ಕುಸಿಯುತ್ತದೆ. ಕೆಲಸಕ್ಕೆ ಸಿಗುವುದು ಎಂಟು ತಿಂಗಳು. ಒಂದು ಸರದಿಗೆ ಆರು ತಿಂಗಳು ಬೇಕಾದರೆ ವರ್ಷಕ್ಕೆ ಒಂದೇ ಸರದಿ. ಐದು ವರ್ಷದ ಯೋಜನೆ ಹತ್ತು ವರ್ಷವಾಗುತ್ತದೆ. ಸರದಿಯನ್ನು ನಾಲ್ಕು ತಿಂಗಳಿಗೆ ಇಳಿಸಿದರೆ ಮಾತ್ರ ಎರಡು ಹಿಡಿಸುತ್ತವೆ. ಹಾಗೆ ಇಳಿಸಲು ಗುಂಪು ಚಿಕ್ಕದಿರಬೇಕು, ಕಟ್ಟಡ ಎರಡು ಅಂತಸ್ತು ಮೀರಬಾರದು. ಎಂಟು ಅಂತಸ್ತಿನ ಕಟ್ಟಡವನ್ನು ಸರದಿಯಲ್ಲಿ ಕಟ್ಟಲು ಬರುವುದೇ ಇಲ್ಲ. ಅದಕ್ಕೆ ಬೇಕಾದ ಜಾಗದಲ್ಲಿರುವವರೆಲ್ಲ ಎರಡು ಮೂರು ವರ್ಷ ಹೊರಗಿರಬೇಕು. ಬಾಡಿಗೆ ಭತ್ಯೆ ಕೊಡುತ್ತೇವೆ ಎನ್ನುತ್ತಾರೆ. ಭತ್ಯೆ ಮೂರು ತಿಂಗಳು ತಪ್ಪಿದರೆ ಯೋಜನೆಯೇ ನಿಂತಿದೆ ಎಂದು ತಿಳಿಯಬೇಕು.

ಜಾಗದ ಒಡೆಯ ಬೇರೆ ಇದ್ದಾಗ ಬ್ಯಾಂಕಾಕಿನಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದ ನೆಲ ಹಂಚಿಕೆಯ ಉಪಾಯವಿದೆ. ರಸ್ತೆ ಬದಿಯ ಬೆಲೆಯುಳ್ಳ ಪಾಲು ಒಡೆಯನಿಗೆ, ಹಿಂದಿನ ಪಾಲು ಕೇರಿಗೆ; ಮನೆಗಳು ಹಿಂದಕ್ಕೆ ಸರಿದು ಒತ್ತಾಗುತ್ತವೆ, ಆದರೆ ಕೇರಿ ಅಲ್ಲೇ ಉಳಿಯುತ್ತದೆ. ಇದು ನಡೆಯುವುದು ಒಡೆಯನಿಗೆ ಜಾಗದ ಆಸೆಯೂ ಇದ್ದು, ಜನ ಕದಲುವುದಿಲ್ಲ ಎಂಬ ಖಾತ್ರಿಯೂ ಇದ್ದಾಗ. ಈಜಿಪುರದ ಒಪ್ಪಂದವೂ ಕಾಗದದಲ್ಲಿ ಇಂಥದೇ. ಜನ ಮೊದಲೇ ಹೊರಗೆ ಹೋದದ್ದರಿಂದ ಅವರ ಪಾಲಿನ ಬಲ ಹೋಯಿತು.

ಹಕ್ಕಿನ ಕಾಗದ

ಪೂರ್ಣ ಹಕ್ಕುಪತ್ರ ಸಿಗುವ ತನಕ ಕಾಯುತ್ತ ಕುಳಿತರೆ ಯಾವ ಕೇರಿಯೂ ಸುಧಾರಿಸುವುದಿಲ್ಲ. ಅಹಮದಾಬಾದಿನಲ್ಲಿ 1990ರ ದಶಕದ ಮಧ್ಯದಲ್ಲಿ ಸಂಜಯನಗರದಿಂದ ಆರಂಭವಾದ ಯೋಜನೆಯಲ್ಲಿ ಪಾಲಿಕೆ ಹಕ್ಕುಪತ್ರ ಕೊಡಲಿಲ್ಲ. ಹತ್ತು ವರ್ಷ ಎಬ್ಬಿಸುವುದಿಲ್ಲ ಎಂಬ ಬರಹ ಮಾತ್ರ ಕೊಟ್ಟಿತು. ಪ್ರತಿ ಕುಟುಂಬ 2,000 ರೂಪಾಯಿ ಹಾಕಿ ಮನೆಗೆ ನಲ್ಲಿ, ಕಕ್ಕಸು, ಚರಂಡಿ ಮಾಡಿಸಿಕೊಂಡಿತು. ಎಬ್ಬಿಸುವುದಿಲ್ಲ ಎಂದು ನಂಬಿಕೆ ಬಂದರೆ ಜನ ತಾವಾಗಿ ಗೋಡೆ ಕಟ್ಟುತ್ತಾರೆ ಎಂಬುದು ಅಲ್ಲಿ ಕಂಡ ಸಂಗತಿ. ಒಡಿಶಾ 2017ರ ಕಾನೂನಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳಿಗೆ ಬರುವ ಆದರೆ ಮಾರಲಾಗದ ನೆಲದ ಹಕ್ಕನ್ನು ಕೇರಿವಾಸಿಗಳಿಗೆ ಕೊಟ್ಟಿತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅನುದಾನವನ್ನು ಕುಟುಂಬದ ಕೈಗೇ ಕೊಟ್ಟು ಮನೆ ಕಟ್ಟಿಸುವ ವಿಭಾಗವಿದೆ. ಇದ್ದಲ್ಲೇ ಕಟ್ಟಲು ಅದು ಎಲ್ಲಕ್ಕಿಂತ ಅನುಕೂಲದ್ದು, ಆದರೆ ನೆಲದ ದಾಖಲೆ ಇಲ್ಲದವನು ಅದರ ಬಾಗಿಲಿಗೂ ಹೋಗಲಾರ.

ಮಂಜೇಶ್ವರದ ಕಡಲಬದಿ

ಮಂಜೇಶ್ವರ, ಉಪ್ಪಳದ ಕಡೆ ಧಾರಾವಿಯಂಥ ಕೇರಿಗಳಿಲ್ಲ. ಇಲ್ಲಿ ಒತ್ತು ಬೇರೆ ರೂಪದ್ದು: ರೈಲುಹಳಿಗೂ ಕಡಲಿಗೂ ನಡುವಿನ ಹೊಯ್ಗೆಯ ಪಟ್ಟಿಯಲ್ಲಿ ಎರಡು ಮೂರು ಸೆಂಟಿನ ಹಿಡುವಳಿಗಳು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಇನ್ನೂ ಚಿಕ್ಕದಾಗುತ್ತ ಹೋಗುವ ಅಂಗಳಗಳು. ಒಳನಾಡಿನ ಪಂಚಾಯತುಗಳಲ್ಲಿ 1972ರ 'ಲಕ್ಷಂವೀಡು' ಕಾಲನಿಗಳ ಪ್ರಶ್ನೆ ಇದೆ. ಸಚಿವ ಎಂ.ಎನ್. ಗೋವಿಂದನ್ ನಾಯರ್ ಮುಂದಾಗಿ ಕೇರಳದಾದ್ಯಂತ ಕಟ್ಟಿಸಿದ ಆ ಮನೆಗಳು ಜೋಡಿಮನೆಗಳು, ನಡುಗೋಡೆ ಒಂದೇ. ಒಬ್ಬನಿಗೆ ಅನುದಾನ ಬಂದು ತನ್ನ ಅರ್ಧವನ್ನು ಕೆಡವಿದರೆ ಇನ್ನೊಬ್ಬನ ಮಾಡು ಜಾರುತ್ತದೆ. ಇಬ್ಬರಿಗೂ ಒಂದೇ ವರ್ಷ ಮಂಜೂರಾಗದೆ ಕೆಲಸ ಹಿಡಿಯಲೇಬಾರದು ಎಂಬುದು ಇಲ್ಲಿ ಪಾಲಿಸಬೇಕಾದ ಮೊದಲ ನಿಯಮ.

ಕಡಲಬದಿಯಲ್ಲಿ ಮನೆ ಕಟ್ಟುವುದಕ್ಕಿಂತ ಬಾವಿ ಮತ್ತು ಕಕ್ಕಸು ಗುಂಡಿಯ ನಡುವಿನ ದೂರವೇ ನಕ್ಷೆಯನ್ನು ಆಳುತ್ತದೆ. ಕೇರಳದ ಕಟ್ಟಡ ನಿಯಮಗಳು ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಕೇಳುತ್ತವೆ. 125 ಚದರ ಮೀಟರ್, ಅಂದರೆ ಸುಮಾರು ಮೂರು ಸೆಂಟಿನೊಳಗಿನ ಜಾಗಗಳಿಗೆ ಮನೆಯ ಸುತ್ತ ಬಿಡಬೇಕಾದ ಜಾಗದಲ್ಲಿ ರಿಯಾಯಿತಿ ಉಂಟು, ಆದರೆ ಹೊಯ್ಗೆಯಲ್ಲಿ ನೀರು ಹರಿಯುವುದಕ್ಕೆ ರಿಯಾಯಿತಿ ಇಲ್ಲ. ಮೂರು ಸೆಂಟ್ ಎಂದರೆ 11 ಮೀಟರಿನ ಒಂದು ಚೌಕ. ಬಾವಿ ಒಂದು ಮೂಲೆಗೆ, ಗುಂಡಿ ಎದುರು ಮೂಲೆಗೆ ಹಾಕಿದರೆ ತನ್ನ ಜಾಗದೊಳಗೆ ಅಂತರ ಸಿಗುತ್ತದೆ. ಆದರೆ ಎಲ್ಲರೂ ಒಂದೇ ವಾಸ್ತು ಹಿಡಿದು ಈಶಾನ್ಯಕ್ಕೆ ಬಾವಿ, ನೈಋತ್ಯಕ್ಕೆ ಗುಂಡಿ ಮಾಡಿದರೆ, ನನ್ನ ಗುಂಡಿ ಆಚೆ ಮೂಲೆಯ ನೆರೆಯವನ ಬಾವಿಗೆ ಮೂರು ನಾಲ್ಕು ಹೆಜ್ಜೆಯಲ್ಲಿ ಬರುತ್ತದೆ. ಒಬ್ಬೊಬ್ಬನ ನಕ್ಷೆ ಸರಿಯಿದ್ದು ಇಡೀ ಸಾಲು ಕೆಡುವುದು ಹೀಗೆ.

ಪರಿಹಾರ ನಾಲ್ಕು ಜಾಗಗಳನ್ನು ಒಟ್ಟಿಗೆ ನೋಡುವುದರಲ್ಲಿದೆ. ನಾಲ್ಕು ಚೌಕಗಳು ಕೂಡುವ ಮೂಲೆಯಲ್ಲಿ ಒಂದೇ ಹಂಚಿಕೆಯ ಬಾವಿ. ನಾಲ್ವರ ಗುಂಡಿಗಳು ಹೊರಗಿನ ನಾಲ್ಕು ಮೂಲೆಗಳಲ್ಲಿ. ಮುಂದಿನ ಗುಂಪೂ ಹೀಗೆಯೇ ಇದ್ದರೆ ಗುಂಡಿಯ ಮೂಲೆಗೆ ಗುಂಡಿಯ ಮೂಲೆಯೇ ಎದುರಾಗುತ್ತದೆ. ಗಡಿಯಿಂದ 1.2 ಮೀಟರ್ ಬಿಟ್ಟು, 1.2 ಮೀಟರ್ ವ್ಯಾಸದ ಗುಂಡಿ, ಅಷ್ಟೇ ಅಗಲದ ಬಾವಿ ಎಂದು ಅಳೆದರೆ ಮೂರು ಸೆಂಟಿನ ಗುಂಪಿನಲ್ಲಿ ಅಂತರ ಸುಮಾರು 11.8 ಮೀಟರ್ ಸಿಗುತ್ತದೆ. ಅದೇ ಲೆಕ್ಕ ಒಂದೂವರೆ ಸೆಂಟಿನ ಜಾಗಗಳಿಗೆ 7.3 ಮೀಟರಿಗೆ ಇಳಿಯುತ್ತದೆ, ನಿಯಮಕ್ಕೆ ಒಂದು ಗೇಣಿನಷ್ಟು ಕಡಿಮೆ. ಅಂದರೆ ಪಾಲು ಒಂದೂವರೆ ಸೆಂಟಿಗೆ ಬಂದಾಗ ಬಾವಿ, ಗುಂಡಿಯ ಬದುಕು ಮುಗಿಯಿತು. ನಲ್ಲಿ ನೀರು ತರಬೇಕು ಅಥವಾ ಗುಂಡಿಗಳ ಬದಲು ನೀರು ಸೋರದ ಒಂದು ಸಾಮೂಹಿಕ ತೊಟ್ಟಿಗೆ ಕೊಳವೆ ಜೋಡಿಸಬೇಕು. ಹೊಯ್ಗೆಯಲ್ಲಿ ನೀರು ಬೇಗ ಹರಿಯುವುದರಿಂದ 7.5 ಮೀಟರನ್ನು ಕನಿಷ್ಠ ಎಂದು ತಿಳಿದು ಬಾವಿಯ ನೀರನ್ನು ಮಳೆ ಹಿಡಿದ ಮೇಲೆ, ಅಂತರ್ಜಲ ಏರಿದಾಗ, ಪರೀಕ್ಷೆಗೆ ಕಳುಹಿಸಬೇಕು. ಮೇ ತಿಂಗಳಲ್ಲಿ ಶುದ್ಧವೆಂದು ಬಂದ ಬಾವಿ ಜುಲೈಯಲ್ಲಿ ಕೆಟ್ಟಿರಬಹುದು. ಮೇಯಲ್ಲಿ ನೋಡಬೇಕಾದದ್ದು ಉಪ್ಪು.

ಕಡಲ ಅಂಚಿನಿಂದ 50 ಮೀಟರಿನೊಳಗಿನ ಮನೆಗಳಿಗೆ ಈ ಯಾವ ಉಪಾಯವೂ ಹೊಂದುವುದಿಲ್ಲ. ಕಡಲ್ಕೊರೆತ ಅಂಗಳವನ್ನೇ ತೆಗೆದುಕೊಂಡು ಹೋಗುವಲ್ಲಿ ಅದೇ ಜಾಗದಲ್ಲಿ ಕಟ್ಟುತ್ತೇವೆ ಎನ್ನುವುದು ಜನರಿಗೆ ಮಾಡುವ ಮೋಸ. ಇವರಿಗಾಗಿ ಕೇರಳ ಸರಕಾರದ ಮೀನುಗಾರಿಕೆ ಇಲಾಖೆಯ 'ಪುನರ್ಗೇಹಂ' ಯೋಜನೆ ಇದೆ. ಒಂದು ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ, ಅದರಲ್ಲಿ ಜಾಗಕ್ಕೆ ಗರಿಷ್ಠ ಆರು ಲಕ್ಷ. ಪ್ರತಿಯೊಬ್ಬನೂ ತನ್ನ ಆರು ಲಕ್ಷಕ್ಕೆ ಸಿಕ್ಕಿದ ಕಡೆ ಮೂರು ಸೆಂಟ್ ಕೊಂಡರೆ ಒಂದೇ ದೋಣಿಯವರು ನಾಲ್ಕು ಗ್ರಾಮಕ್ಕೆ ಚದುರುತ್ತಾರೆ; ಬೆಳಗಿನ ಜಾವ ಬಲೆ ಹೊರಲು ಬರಬೇಕಾದವನು ಬಸ್ಸು ಕಾಯಬೇಕಾಗುತ್ತದೆ. ಹತ್ತು ಕುಟುಂಬ ಕೂಡಿ, ಓಣಿಯೂ ಸೇರಿ 35 ಸೆಂಟಿನಷ್ಟು ಒಂದೇ ತುಂಡು ಕೊಂಡರೆ ದೂರ ತುಸು ಹೆಚ್ಚಾದರೂ ಒಟ್ಟಿಗಿರುತ್ತಾರೆ, ಒಂದೇ ಗಾಡಿಯಲ್ಲಿ ಕಡಲಿಗೆ ಇಳಿಯುತ್ತಾರೆ. ಇದಕ್ಕೆ ಹತ್ತೂ ಅರ್ಜಿಗಳು ಒಂದೇ ಹೊತ್ತಿಗೆ ಮಂಜೂರಾಗಬೇಕು, ಕ್ರಯಪತ್ರಗಳು ಒಂದೇ ದಿನ ನೋಂದಣಿಯಾಗಬೇಕು. ಒಬ್ಬನ ಕಾಗದ ತಡವಾದರೂ ಜಾಗದ ಒಡೆಯ ಬೇರೆ ಗಿರಾಕಿ ಹುಡುಕುತ್ತಾನೆ.